ರಸ್ತೆ ಬದಿ ಮನೆಗೆ ಮರದ ಕಿಟಕಿಯೋ, ಯುಪಿವಿಸಿಯೋ? ಮೊದಲು ಸಂದಿ ನೋಡಿ

ದಾವಣಗೆರೆಯಲ್ಲಿ ಹಳೇ ಪಿ.ಬಿ. ರಸ್ತೆಗೆ ಮುಖ ಮಾಡಿ ಮನೆ ಇರುವವರನ್ನು ಕೇಳಿ ನೋಡಿ. ಬೈಪಾಸ್ ಆದ ಮೇಲೆ ದೂರದೂರಿನ ಲಾರಿಗಳು ಊರಾಚೆ ಹೋದವು, ನಿಜ. ಆದರೆ ಬಸ್ಸು, ಆಟೋ, ಟ್ರ್ಯಾಕ್ಟರ್, ಬೆಳಗಿನ ಜಾವ ಮೆಕ್ಕೆಜೋಳ ಹೊತ್ತು ಬರುವ ಲಾರಿ, ಇವೆಲ್ಲ ಇಲ್ಲೇ ಇವೆ. ಬೈಪಾಸ್‌ನ ಸರ್ವಿಸ್ ರಸ್ತೆ ಪಕ್ಕ ಹೊಸ ಬಡಾವಣೆಯಲ್ಲಿ ಸೈಟು ತಗೊಂಡವರಿಗೆ ಹೆದ್ದಾರಿಯೇ ಬಾಗಿಲಿಗೆ ಬಂದಿದೆ. ಚಿತ್ರದುರ್ಗದ ಕಡೆ ಸದ್ದಿನ ಜೊತೆ ಗಾಳಿ, ದೂಳು ಬೇರೆ.

ಇಂಥ ಮನೆಯವರು ಕಿಟಕಿ ಮಾಡಿಸಲು ಹೊರಟರೆ ಎರಡು ಬಣದ ಮಾತು ಕೇಳಬೇಕಾಗುತ್ತದೆ. ಯುಪಿವಿಸಿ ಅಂಗಡಿಯವರು 'ಸಾರ್, ಇದು ಸೌಂಡ್‌ಪ್ರೂಫ್' ಅನ್ನುತ್ತಾರೆ. ಬಡಗಿ 'ತೇಗದ ಮುಂದೆ ಪ್ಲಾಸ್ಟಿಕ್ ಏನು ನಿಲ್ತದೆ ಸಾರ್' ಅನ್ನುತ್ತಾನೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ಉಳಿದರ್ಧ ಎಲ್ಲಿದೆ ಅಂತ ತಿಳಿಯಬೇಕಾದರೆ ಸದ್ದು ಮನೆಯೊಳಗೆ ಬರುವ ದಾರಿ ಯಾವುದು ಅಂತ ಮೊದಲು ನೋಡಬೇಕು.

## ಸದ್ದು ಒಳಗೆ ಬರುವುದು ಹೇಗೆ

ಸದ್ದು ಅಂದರೆ ಗಾಳಿಯ ನಡುಕ. ಅದಕ್ಕೆ ಒಳಗೆ ಬರಲು ಎರಡು ದಾರಿ. ಒಂದು, ಗಾಳಿ ನುಸುಳುವ ಸಂದಿ. ಗಾಳಿ ಎಲ್ಲಿ ನುಗ್ಗುತ್ತದೋ ಅಲ್ಲಿ ಸದ್ದೂ ನುಗ್ಗುತ್ತದೆ. ಎರಡು, ಗಾಜು ಅಥವಾ ಗೋಡೆಯನ್ನೇ ಅಲುಗಿಸಿ ಆಚೆ ಬದಿಯ ಗಾಳಿಯನ್ನು ಮತ್ತೆ ನಡುಗಿಸುವುದು. ಎರಡನೆಯದಕ್ಕೆ ಭಾರವೇ ಮದ್ದು. ಭಾರ ಜಾಸ್ತಿಯಾದಷ್ಟೂ ಅಲುಗುವುದು ಕಡಿಮೆ. ಒಂಬತ್ತು ಇಂಚಿನ, ಎರಡೂ ಕಡೆ ಪ್ಲಾಸ್ಟರ್ ಆದ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬಲ್ ಸದ್ದನ್ನು ತಡೆಯುತ್ತದೆ. 4 ಮಿಲಿಮೀಟರಿನ ಒಂದು ಗಾಜು ಸುಮಾರು 29. ಹಾಗಾಗಿ ಗೋಡೆಯ ಚಿಂತೆ ಬಿಡಿ, ಕಿಟಕಿಯದ್ದೇ ಕಥೆ.

ಡೆಸಿಬಲ್ ಎಂಬುದು ಸದ್ದಿನ ಅಳತೆ. ಅದು ಕಿಲೋ, ಮೀಟರಿನ ಹಾಗೆ ನೇರ ಲೆಕ್ಕವಲ್ಲ. 10 ಡೆಸಿಬಲ್ ಇಳಿದರೆ ನಮ್ಮ ಕಿವಿಗೆ ಸದ್ದು ಸುಮಾರು ಅರ್ಧಕ್ಕೆ ಇಳಿದಂತೆ ಕೇಳುತ್ತದೆ. 3 ಇಳಿದರೆ ವ್ಯತ್ಯಾಸ ಅಷ್ಟಿಷ್ಟು ಗೊತ್ತಾಗುತ್ತದೆ. ಒಂದು ಇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ದೇಶದ 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ದೊಡ್ಡ ರಸ್ತೆ ಪಕ್ಕ ಈ ಮಿತಿ ಕಾಗದದ ಮೇಲಷ್ಟೇ ಇರುತ್ತದೆ, ಬಿಡಿ.

## ಎರಡು ಮಿಲಿಮೀಟರಿನ ಸಂದಿ

ಈಗ ಒಂದು ಲೆಕ್ಕ ಮಾಡೋಣ. ನಮ್ಮ ಕಡೆ ಮಾಮೂಲಿ ಕಿಟಕಿ ಅಂದರೆ ನಾಲ್ಕಡಿಗೆ ನಾಲ್ಕಡಿ, ಜೋಡಿ ಕದ. ಕದಗಳು ಚೌಕಟ್ಟಿಗೆ ತಾಗುವ ಸುತ್ತಳತೆ ಹದಿನಾರು ಅಡಿ. ಎರಡು ಕದ ನಡುವೆ ಸೇರುವಲ್ಲಿ ಇನ್ನೊಂದು ನಾಲ್ಕಡಿ. ಒಟ್ಟು ಇಪ್ಪತ್ತು ಅಡಿ ಉದ್ದದ ಸಂದಿ. ಆ ಸಂದಿಯ ಅಗಲ ಬರೀ 2 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಹತ್ತು ವರ್ಷದ ಮರದ ಕಿಟಕಿಗೆ ಇದು ಜಾಸ್ತಿ ಏನಲ್ಲ. ಇಪ್ಪತ್ತು ಅಡಿಯನ್ನು 2 ಮಿಲಿಮೀಟರಿನಿಂದ ಗುಣಿಸಿದರೆ ಸುಮಾರು 120 ಚದರ ಸೆಂಟಿಮೀಟರ್ ಬರುತ್ತದೆ. ಅಂದರೆ ನಾಲ್ಕೂಕಾಲು ಇಂಚು ಉದ್ದ, ಅಷ್ಟೇ ಅಗಲದ ತೂತು. ಕೈ ತೂರಿಸಬಹುದಾದ ತೂತೊಂದು ರಸ್ತೆ ಕಡೆ ಸದಾ ತೆರೆದೇ ಇದೆ ಅಂದ ಹಾಗೆ.

ಇದು ಇಡೀ ಕಿಟಕಿಯ ನೂರರಲ್ಲಿ ಒಂದು ಪಾಲೂ ಅಲ್ಲ. ಆದರೂ ಪೆಟ್ಟು ದೊಡ್ಡದು. 4 ಮಿಲಿಮೀಟರ್ ಗಾಜಿಗೆ 29 ಡೆಸಿಬಲ್ ತಡೆಯುವ ಶಕ್ತಿ ಇದ್ದರೂ ಈ ಸಂದಿ ಸೇರಿಸಿ ಲೆಕ್ಕ ಹಾಕಿದರೆ ಕಿಟಕಿ ತಡೆಯುವುದು 20 ಮಾತ್ರ. ಸರಿ, ಗಾಜು ಬದಲಿಸೋಣ ಅಂತ 34 ಡೆಸಿಬಲ್ ತಡೆಯುವ ದುಬಾರಿ ಲ್ಯಾಮಿನೇಟೆಡ್ ಗಾಜು ಕೂರಿಸಿದಿರಿ ಅನ್ನಿ. ಸಂದಿ ಹಾಗೇ ಇದ್ದರೆ ಲೆಕ್ಕ 20ರಿಂದ ಇಪ್ಪತ್ತೂವರೆಗೆ ಹೋಗುತ್ತದೆ, ಅಷ್ಟೆ. ಅರ್ಧ ಡೆಸಿಬಲ್. ಅದೇ ಹಳೇ 4 ಮಿಲಿಮೀಟರ್ ಗಾಜು ಇಟ್ಟುಕೊಂಡು ಸಂದಿಯನ್ನು 2 ಮಿಲಿಮೀಟರಿನಿಂದ ಅದರ ಹತ್ತನೇ ಒಂದು ಪಾಲಿಗೆ ಇಳಿಸಿದರೆ 20 ಇದ್ದದ್ದು 27 ಆಗುತ್ತದೆ.

ಇದು ಅಂದಾಜು ಲೆಕ್ಕ. ನಿಜವಾದ ಕಿಟಕಿಯಲ್ಲಿ ಕದ ಚೌಕಟ್ಟಿನ ಕೊರೆದ ಅಂಚಿನೊಳಗೆ ಕೂರುವುದರಿಂದ ಸಂದಿ ನೇರವಾಗಿರದೆ ತಿರುವಾಗಿರುತ್ತದೆ, ಸದ್ದು ಕೊಂಚ ಕಡಿಮೆ ನುಸುಳುತ್ತದೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಬದಲಾಗುವುದಿಲ್ಲ. ತಳದಲ್ಲಿ ತೂತಿರುವ ಕೊಡ ತಾಮ್ರದ್ದೋ ಪ್ಲಾಸ್ಟಿಕ್ಕಿನದೋ ಅಂತ ವಾದ ಮಾಡಿ ಏನು ಪ್ರಯೋಜನ? ಮರ-ಯುಪಿವಿಸಿ ಜಗಳವೂ ಹಾಗೇ. ಚೌಕಟ್ಟಿನ ವಸ್ತು ತಾನಾಗಿ ತಡೆಯುವ ಸದ್ದಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಯಾವುದು ಸಂದಿಯನ್ನು ಮುಚ್ಚುತ್ತದೆ, ಮುಚ್ಚಿದ್ದನ್ನು ಎಷ್ಟು ವರ್ಷ ಹಾಗೇ ಉಳಿಸಿಕೊಳ್ಳುತ್ತದೆ ಅನ್ನುವುದೇ ಪ್ರಶ್ನೆ.

## ಮರ ಯಾಕೆ ಸಂದಿ ಬಿಡುತ್ತದೆ

ಮರ ಗಾಳಿಯಲ್ಲಿನ ತೇವವನ್ನು ಹೀರುತ್ತದೆ, ಬಿಡುತ್ತದೆ. ಹೀರಿದಾಗ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಉದ್ದಕ್ಕೆ ಬಹುತೇಕ ಏನೂ ಆಗದು, ಅಡ್ಡಕ್ಕೆ ಮಾತ್ರ ಈ ಆಟ. ಎಲ್ಲ ಮರಕ್ಕಿಂತ ತೇಗ ಮರ್ಯಾದಸ್ಥ. ಅದೂ ಕೂಡ ತೇವ ನೂರಕ್ಕೆ ಐದರಷ್ಟು ಏರಿಳಿದರೆ ನೂರು ಮಿಲಿಮೀಟರಿಗೆ ಸುಮಾರು ಒಂದು ಮಿಲಿಮೀಟರ್ ತನಕ ಅಗಲ ಬದಲಿಸಬಲ್ಲದು. ಜೋಡಿ ಕದದ ಕಿಟಕಿಯಲ್ಲಿ ಮೂರಿಂಚಿನ ನಾಲ್ಕು ನಿಂತ ಪಟ್ಟಿಗಳಿರುತ್ತವೆ. ಎಲ್ಲ ಸೇರಿಸಿದರೆ ಎರಡು-ಮೂರು ಮಿಲಿಮೀಟರ್ ಅತ್ತಿತ್ತ ಆಯಿತು. ಸರಿಯಾಗಿ ಒಣಗದ ಹೊನ್ನೆ, ಮತ್ತಿ, ಬೇವು ಆದರೆ ಇನ್ನೂ ಜಾಸ್ತಿ, ಜೊತೆಗೆ ಸೊಟ್ಟಗಾಗುವ ಗುಣವೂ ಇದೆ.

ನಮ್ಮ ಕಡೆ ಇದು ನಡೆಯುವ ಕ್ರಮ ಹೀಗೆ. ಜುಲೈ, ಆಗಸ್ಟಿನಲ್ಲಿ ಜಿಟಿಜಿಟಿ ಮಳೆ ಹಿಡಿದಾಗ ಕಿಟಕಿ ಬಿಗಿಯಾಗುತ್ತದೆ. ಕದ ಹಾಕಲು ಬರುವುದಿಲ್ಲ. ಬಡಗಿಯನ್ನು ಕರೆಸುತ್ತೇವೆ. ಅವನು ಅಂಚು ಕೀಸಿ ಕೊಟ್ಟು ಹೋಗುತ್ತಾನೆ, ಕದ ಸಲೀಸಾಗಿ ಕೂರುತ್ತದೆ. ಮಾರ್ಚ್ ಬರುತ್ತಿದ್ದಂತೆ ಒಣ ಬಿಸಿಲಿಗೆ ಮರ ಕುಗ್ಗುತ್ತದೆ. ಮಳೆಗಾಲದಲ್ಲಿ ಕೀಸಿ ತೆಗೆದ ಮರ ವಾಪಸ್ ಬರುವುದಿಲ್ಲವಲ್ಲ. ಕೀಸಿದ್ದೂ ಸಂದಿ, ಕುಗ್ಗಿದ್ದೂ ಸಂದಿ. ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ರಸ್ತೆ ಸದ್ದು ಜಾಸ್ತಿಯಾಯಿತು ಅಂತ ಅನ್ನಿಸಿದರೆ ಕಾರಣ ಇದೂ ಇರಬಹುದು. ಆದ್ದರಿಂದ ಮಳೆಗಾಲದಲ್ಲಿ ಕದ ಬಿಗಿಯಾದರೆ ತೀರಾ ಅನಿವಾರ್ಯವಲ್ಲದೆ ಕೀಸಬೇಡಿ. ಹಿಂಜ್ ಸ್ಕ್ರೂ ಸಡಿಲಾಗಿ ಕದ ಜೋತುಬಿದ್ದಿದೆಯೇ ಅಂತ ಮೊದಲು ನೋಡಿ. ಅರ್ಧಕ್ಕರ್ಧ ಸಲ ಅದೇ ಕಾರಣ.

ಮರದ ಕಿಟಕಿಯ ಇನ್ನೊಂದು ದೌರ್ಬಲ್ಯ ಚಿಲಕ. ಮೇಲೊಂದು, ಕೆಳಗೊಂದು ಟವರ್ ಬೋಲ್ಟ್ ಇರುತ್ತದೆ. ನಡುಭಾಗವನ್ನು ಎಳೆದು ಹಿಡಿಯುವವರು ಯಾರೂ ಇಲ್ಲ. ಬೋಲ್ಟ್ ಕೂರುವ ತೂತು ಸವೆದಿದ್ದರೆ ಲಾರಿ ಹೋದಾಗಲೆಲ್ಲ ಕದ ಗಡಗಡ ಅನ್ನುತ್ತದೆ. ಆ ಗಡಗಡ ರಸ್ತೆಯ ಸದ್ದಲ್ಲ, ನಿಮ್ಮ ಕಿಟಕಿಯದ್ದೇ.

## ಯುಪಿವಿಸಿಯ ಬಲ ಎಲ್ಲಿದೆ

ಯುಪಿವಿಸಿ ಅಂದರೆ ಬೋರ್‌ವೆಲ್ ಪೈಪಿನ ಜಾತಿಯ ಗಟ್ಟಿ ಪಿವಿಸಿ. ಮೆತ್ತಗೆ ಮಾಡುವ ರಾಸಾಯನಿಕ ಬೆರೆಸದ್ದು. ಕಿಟಕಿಗೆ ಬಳಸುವುದು ಒಳಗೆ ಖಾನೆ ಖಾನೆಯಾಗಿ ಟೊಳ್ಳಿರುವ ಪಟ್ಟಿ. ಅಂಗಡಿಯವರು ಅದನ್ನು ಪ್ರೊಫೈಲ್ ಅನ್ನುತ್ತಾರೆ. ಆ ಟೊಳ್ಳಿನೊಳಗೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಟ್ಟ ಕಬ್ಬಿಣದ ಪಟ್ಟಿ ತೂರಿಸುತ್ತಾರೆ. ನಾಲ್ಕು ಮೂಲೆಗಳನ್ನು ಕಾಯಿಸಿ ಬೆಸೆಯುವುದರಿಂದ ಮೂಲೆಯಲ್ಲಿ ಬಿರುಕಿಲ್ಲ. ತೇವ ಹೀರುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ.

ಆದರೆ ಸದ್ದಿನ ವಿಷಯದಲ್ಲಿ ಅದರ ನಿಜವಾದ ಬಲ ಪ್ಲಾಸ್ಟಿಕ್ಕಲ್ಲ, ರಬ್ಬರು. ಬಾಗಿಲಿನಂತೆ ತೆರೆಯುವ ಕಿಟಕಿಯಲ್ಲಿ, ಅಂದರೆ ಕೇಸ್‌ಮೆಂಟ್ ಮಾದರಿಯಲ್ಲಿ, ಚೌಕಟ್ಟಿಗೊಂದು ಕದಕ್ಕೊಂದು ರಬ್ಬರ್ ಗ್ಯಾಸ್ಕೆಟ್ ಸುತ್ತಲೂ ಓಡುತ್ತದೆ. ಹಿಡಿಕೆ ತಿರುಗಿಸಿದರೆ ಕದದ ಅಂಚಿನಲ್ಲಿ ಹಲವು ಕಡೆ ಕೊಕ್ಕೆಗಳು ಏಕಕಾಲಕ್ಕೆ ಬಿದ್ದು ಇಡೀ ಕದವನ್ನು ಗ್ಯಾಸ್ಕೆಟ್ ಮೇಲೆ ಒತ್ತಿ ಹಿಡಿಯುತ್ತವೆ. ಸಂದಿಯೇ ಉಳಿಯುವುದಿಲ್ಲ. ಹಿಡಿಕೆ ತಿರುಗಿಸುವಾಗ ಕೊನೆಯಲ್ಲಿ ಒಂದು ಬಿಗಿ ಕೈಗೆ ಸಿಗುತ್ತದೆ. ರಬ್ಬರು ಒತ್ತಿಕೊಳ್ಳುವ ಬಿಗಿ ಅದು. ಅದು ಸಿಗದೆ ಹಿಡಿಕೆ ಸಡಿಲವಾಗಿ ಪೂರ್ತಿ ತಿರುಗಿದರೆ ಕೊಕ್ಕೆ ಸರಿಯಾಗಿ ಎಳೆಯುತ್ತಿಲ್ಲ ಅಂತ ಅರ್ಥ.

ಜಾರಿಸುವ ಕಿಟಕಿಯ ಕಥೆಯೇ ಬೇರೆ. ನಮ್ಮೂರುಗಳಲ್ಲಿ ಜಾಸ್ತಿ ಹೋಗುವುದು ಇದೇ ಸ್ಲೈಡಿಂಗ್. ಜಾಗ ತಿನ್ನುವುದಿಲ್ಲ, ಸೊಳ್ಳೆ ಮೆಶ್ ಅದೇ ಟ್ರ್ಯಾಕಿನಲ್ಲಿ ಕೂರುತ್ತದೆ, ರೇಟೂ ಕಡಿಮೆ. ಆದರೆ ಜಾರಬೇಕಾದ ಕದವನ್ನು ರಬ್ಬರಿಗೆ ಒತ್ತಲು ಆಗುವುದಿಲ್ಲ, ಒತ್ತಿದರೆ ಜಾರುವುದಿಲ್ಲ. ಅದಕ್ಕೆ ರಬ್ಬರಿನ ಬದಲು ಬ್ರಷ್ಷಿನಂಥ ಕೂದಲ ಪಟ್ಟಿ ಹಾಕುತ್ತಾರೆ. ಅದು ದೂಳನ್ನು ಸಾಕಷ್ಟು ತಡೆಯುತ್ತದೆ, ಗಾಳಿಯನ್ನು ಅಲ್ಲ. ಚಿತ್ರದುರ್ಗದಲ್ಲಿ ಜೋಗಿಮಟ್ಟಿಯ ಗಾಳಿಯಂತ್ರ ತಿರುಗಿಸುವ ಗಾಳಿಯೇ ಜೂನ್ ನಂತರ ಮನೆಗೂ ಬಡಿಯುತ್ತದಲ್ಲ, ಆಗ ಸ್ಲೈಡಿಂಗ್ ಕಿಟಕಿಯ ನಡುವಿನ ಜೋಡಣೆಗೆ ಕೈ ಹಿಡಿದರೆ ತಣ್ಣನೆ ಗಾಳಿ ತಾಗುತ್ತದೆ. ಕೆಲವು ಸಲ ಸಿಳ್ಳೆಯೂ ಕೇಳುತ್ತದೆ. ನನ್ನ ಕೇಳಿದರೆ, ಗ್ಯಾಸ್ಕೆಟ್ ಹಾಕಿದ ಒಳ್ಳೆ ಮರದ ಕಿಟಕಿ ಎರಡು ಟ್ರ್ಯಾಕಿನ ಅಗ್ಗದ ಯುಪಿವಿಸಿ ಸ್ಲೈಡಿಂಗ್‌ಗಿಂತ ವಾಸಿ. 'ಯುಪಿವಿಸಿ ಹಾಕಿಸಿದೆ, ಸದ್ದೇನೂ ಕಡಿಮೆ ಆಗಲಿಲ್ಲ' ಅನ್ನುವವರ ಮನೆಯಲ್ಲಿ ಬಹಳಷ್ಟು ಸಲ ಇರುವುದು ಸ್ಲೈಡಿಂಗೇ.

## ಗಾಜಿನ ಬಗ್ಗೆ ಒಂದು ತಪ್ಪು ನಂಬಿಕೆ

ಸಂದಿ ಮುಚ್ಚಿದ ಮೇಲೆ ಗಾಜಿನ ಸರದಿ. ಇಲ್ಲಿ ಎಲ್ಲರ ಬಾಯಲ್ಲಿ ಬರುವುದು 'ಡಬಲ್ ಗ್ಲಾಸ್'. ಎರಡು ಗಾಜು, ನಡುವೆ 12 ಮಿಲಿಮೀಟರ್ ಒಣ ಗಾಳಿ. ಬಿಸಿಲಿಗೆ ಇದು ಒಳ್ಳೆಯದೇ. ಸದ್ದಿಗೆ? 4 ಮಿಲಿಮೀಟರಿನ ಎರಡು ಗಾಜಿನ ಈ ಜೋಡಿ ತಡೆಯುವುದು ಒಂಟಿ 4 ಮಿಲಿಮೀಟರ್ ಗಾಜಿನಷ್ಟೇ, ಹೆಚ್ಚುಕಡಿಮೆ 29-30. ಒಂಟಿ 10 ಮಿಲಿಮೀಟರ್ ಗಾಜು 33 ತಡೆಯುತ್ತದೆ.

ಯಾಕೆ ಹೀಗೆ? ಎರಡು ಗಾಜಿನ ನಡುವೆ ಸಿಕ್ಕ ತೆಳು ಗಾಳಿ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ದಪ್ಪನೆಯ ಒಂದು ಸ್ವರಕ್ಕೆ ಎರಡೂ ಗಾಜು ಆ ಸ್ಪ್ರಿಂಗಿನ ಮೇಲೆ ಒಟ್ಟಿಗೆ ಕುಣಿಯುತ್ತವೆ. 12 ಮಿಲಿಮೀಟರ್ ಅಂತರದಲ್ಲಿ ಆ ಸ್ವರ ಸೆಕೆಂಡಿಗೆ ಇನ್ನೂರು ಚಿಲ್ಲರೆ ಕಂಪನದ ಆಸುಪಾಸು ಬರುತ್ತದೆ. ಲಾರಿ, ಬಸ್ಸಿನ ಎಂಜಿನ್ ಗುಡುಗುವುದೂ ಅದರ ಸುತ್ತಮುತ್ತಲೇ. ಅಂದರೆ ಬೇಕಾದ ಕಡೆಯೇ ಕೈಕೊಡುತ್ತದೆ.

ರಸ್ತೆ ಸದ್ದಿಗೆ ಕೇಳಬೇಕಾದದ್ದು ಲ್ಯಾಮಿನೇಟೆಡ್ ಗಾಜು. ಎರಡು ಗಾಜಿನ ನಡುವೆ ಮೆತ್ತನೆಯ ಪಾರದರ್ಶಕ ಹಾಳೆ ಅಂಟಿಸಿ ಒಂದೇ ಮಾಡಿದ್ದು, ಕಾರಿನ ಮುಂದಿನ ಗಾಜೂ ಇದೇ. ಆ ಹಾಳೆ ಗಾಜಿನ ನಡುಕವನ್ನು ನುಂಗುತ್ತದೆ. ಎಲ್ಲ ಗಾಜಿಗೂ ತೀಕ್ಷ್ಣ ಸ್ವರವೊಂದರಲ್ಲಿ ಸದ್ದನ್ನು ಸಲೀಸಾಗಿ ಬಿಟ್ಟುಕೊಡುವ ದುರ್ಬಲ ಜಾಗ ಇರುತ್ತದೆ. ಲ್ಯಾಮಿನೇಟೆಡ್‌ನಲ್ಲಿ ಅದು ಅಷ್ಟು ಆಳವಾಗಿರುವುದಿಲ್ಲ. ಟಫನ್ಡ್ ಗಾಜು ಗಟ್ಟಿ ಹೌದು, ಒಡೆದರೆ ಚೂಪು ಚೂರಾಗುವುದಿಲ್ಲ ಹೌದು, ಆದರೆ ಸದ್ದಿಗೆ ಅಷ್ಟೇ ದಪ್ಪದ ಮಾಮೂಲಿ ಗಾಜಿಗಿಂತ ಏನೂ ಹೆಚ್ಚಲ್ಲ. ಇವೆರಡನ್ನೂ ಒಂದೇ ಅಂದುಕೊಂಡು ದುಡ್ಡು ಕೊಡುವವರು ಬಹಳ.

ನಿಮ್ಮ ಮನೆಯ ಸಮಸ್ಯೆ ಸಂದಿಯದೋ ಗಾಜಿನದೋ ಅಂತ ಕಿವಿಯೇ ಹೇಳುತ್ತದೆ. ಕಿಟಕಿ ಹಾಕಿ ನಿಂತುಕೊಳ್ಳಿ. ಹಾರನ್, ಬ್ರೇಕಿನ ಕಿರುಚು, ಟೈರಿನ ಸುಯ್ ಸದ್ದು ಚುರುಕಾಗಿ ಕೇಳುತ್ತಿದ್ದರೆ ಸಂದಿ ಇದೆ. ತೀಕ್ಷ್ಣ ಸ್ವರಗಳು ಬಹುಪಾಲು ಸಂದಿಯಿಂದಲೇ ಬರುತ್ತವೆ. ಅವೆಲ್ಲ ಅಡಗಿ, ಲಾರಿಯ ಗುಂಯ್ ಮಾತ್ರ ಉಳಿದಿದ್ದರೆ ಸಂದಿ ಮುಚ್ಚಿದೆ, ಈಗ ಗಾಜಿನ ವಿಷಯ ಯೋಚಿಸಬಹುದು. ಕಿವಿಯನ್ನು ಕದದ ಅಂಚಿನ ಉದ್ದಕ್ಕೂ ನಿಧಾನ ಸರಿಸಿಕೊಂಡು ಹೋದರೆ ಯಾವ ಮೂಲೆ ಸೋರುತ್ತಿದೆ ಅಂತಲೂ ಗೊತ್ತಾಗುತ್ತದೆ.

## ಒಂದು ಹಳೇ ಮನೆಯನ್ನೇ ತಗೊಳ್ಳೋಣ

ಲೆಕ್ಕಕ್ಕೆ ಒಂದು ಮನೆ. ಪಿ.ಬಿ. ರಸ್ತೆಗೆ ಮುಖ, ಮೂವತ್ತು ವರ್ಷ ಹಳೆಯದು. ಒಂಬತ್ತಿಂಚಿನ ಗೋಡೆ. ಮುಂದಿನ ಮಲಗುವ ಕೋಣೆಗೆ ನಾಲ್ಕಡಿ ಚೌಕದ ಹೊನ್ನೆ ಕಿಟಕಿ. ಕದಗಳು ಹೊರಕ್ಕೆ ತೆರೆಯುತ್ತವೆ, ಚೌಕಟ್ಟಿಗೆ ಸರಳು ಹಾಕಿದೆ. ಮೇಲೆ ಅಡ್ಡಪಟ್ಟಿ ಗಾಜಿನ ವೆಂಟಿಲೇಟರ್. ಮಗಳಿಗೆ ಪರೀಕ್ಷೆ, ಮನೆಯವರಿಗೆ ನಿದ್ದೆ ಇಲ್ಲ. 'ಕಿತ್ತು ಯುಪಿವಿಸಿ ಹಾಕಿಸಿಬಿಡೋಣ' ಅನ್ನುವ ಹಂತಕ್ಕೆ ಬಂದಿದ್ದಾರೆ.

ನಾನಾದರೆ ಕೀಳಲು ಹೇಳುವುದಿಲ್ಲ. ಹೋಲ್ಡ್‌ಫಾಸ್ಟ್ ಹಾಕಿ ಗೋಡೆಯೊಳಗೆ ಹೂತ ಚೌಕಟ್ಟನ್ನು ಕಿತ್ತರೆ ಪ್ಲಾಸ್ಟರ್ ಒಡೆಯುತ್ತದೆ, ಸರಳೂ ಹೋಗುತ್ತದೆ, ಗೋಡೆ ಅಂಚು ಮತ್ತೆ ಕಟ್ಟಬೇಕು. ಅದಕ್ಕಿಂತ ಮೊದಲು ವೆಂಟಿಲೇಟರ್ ನೋಡಬೇಕು. ಅಡ್ಡಪಟ್ಟಿ ಗಾಜು ಎಷ್ಟೇ ಮುಚ್ಚಿದರೂ ಪಟ್ಟಿ ಪಟ್ಟಿ ನಡುವೆ ಸಂದಿ ಇದ್ದೇ ಇರುತ್ತದೆ. ಅದನ್ನು ಬಿಟ್ಟು ಕೆಳಗಿನ ಕಿಟಕಿಗೆ ಎಷ್ಟು ಖರ್ಚು ಮಾಡಿದರೂ ದಂಡ. ಪಟ್ಟಿಗಳನ್ನು ತೆಗೆದು ಆ ಜಾಗಕ್ಕೆ 6 ಮಿಲಿಮೀಟರಿನ ಒಂದೇ ಗಾಜು ಕೂರಿಸಿ ಸುತ್ತ ಸಿಲಿಕಾನ್ ಎಳೆಸಬೇಕು. ಎಸಿ ಪೈಪಿಗೆ ಅಂತ ಕೊರೆದು ಹಾಗೇ ಬಿಟ್ಟ ತೂತು ಇದ್ದರೆ ಅದನ್ನೂ ಸಿಮೆಂಟಿನಲ್ಲಿ ಮುಚ್ಚಬೇಕು.

ಆಮೇಲೆ ಕದ. ಹಿಂಜ್ ಬಿಗಿ ಮಾಡಿಸಿ, ಚಿಲಕದ ತೂತು ಸರಿ ಮಾಡಿಸಿ, ಅಲುಗುವ ಗಾಜಿನ ಸುತ್ತ ಒಣಗಿ ಉದುರಿದ ಪುಟ್ಟಿ ಕೆರೆದು ಸಿಲಿಕಾನ್ ಹಾಕಿಸಬೇಕು. ಸಂದಿ ಎಷ್ಟಿದೆ ಅಂತ ಅಳೆಯಲು ಒಂದು ಸುಲಭ ದಾರಿ ಇದೆ. ಚಪಾತಿ ಹಿಟ್ಟಿನ ಸಣ್ಣ ಉಂಡೆಯನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಕದ ಚೌಕಟ್ಟಿಗೆ ತಾಗುವ ಅಂಚಿನಲ್ಲಿಟ್ಟು ಕದ ಹಾಕಿ, ಚಿಲಕ ಹಾಕಿ, ಮತ್ತೆ ತೆಗೆಯಿರಿ. ಚಪ್ಪಟೆಯಾದ ಹಿಟ್ಟಿನ ದಪ್ಪವೇ ಆ ಜಾಗದ ಸಂದಿ. ನಾಲ್ಕು ಬದಿಯಲ್ಲೂ, ನಡುವೆಯೂ ಹೀಗೆ ನೋಡಿ. ಎರಡು-ಮೂರು ಮಿಲಿಮೀಟರ್ ಇರುವ ಕಡೆ ಇ ಆಕಾರದ ಅಂಟು ಗ್ಯಾಸ್ಕೆಟ್, ಮೂರರಿಂದ ಐದು ಇರುವ ಕಡೆ ಪಿ ಅಥವಾ ಡಿ ಆಕಾರದ್ದು. ಇಪಿಡಿಎಂ ರಬ್ಬರಿನದ್ದೇ ಕೇಳಿ ತಗೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಸ್ಪಂಜಿನ ಟೇಪು ಒಂದು ಬೇಸಿಗೆಗೆ ಚಪ್ಪಟೆಯಾಗಿ ಪುಡಿ ಪುಡಿಯಾಗುತ್ತದೆ. ಅಂಟಿಸುವ ಮೊದಲು ಅಂಚಿನ ಹಳೇ ಪೇಂಟಿನ ಹೊಪ್ಪಳೆ, ದೂಳು ಪೂರ್ತಿ ಒರೆಸದಿದ್ದರೆ ಇಪಿಡಿಎಂ ಕೂಡ ನಿಲ್ಲುವುದಿಲ್ಲ. ಈ ಕೆಲಸವನ್ನು ಒಣ ತಿಂಗಳಲ್ಲಿ, ಸಂದಿ ದೊಡ್ಡದಿರುವಾಗ ಮಾಡಿದರೆ ಮಳೆಗಾಲದ ಉಬ್ಬನ್ನು ರಬ್ಬರೇ ನುಂಗಿಕೊಳ್ಳುತ್ತದೆ. ಕದದ ನಡುಮಧ್ಯೆ ಒಂದು ಚಿಲಕ ಜಾಸ್ತಿ ಹಾಕಿಸಿ, ನಡುಭಾಗ ಬಿಲ್ಲಾಗಿದ್ದರೆ ಅದು ಎಳೆದು ಹಿಡಿಯುತ್ತದೆ.

ಇಷ್ಟಕ್ಕೇ ಮನೆಯವರಿಗೆ ಸಮಾಧಾನವಾದರೆ ಅಲ್ಲೇ ನಿಲ್ಲಿಸಬಹುದು. ಲಾರಿ ಗುಡುಗು ಇನ್ನೂ ಕಾಡುತ್ತಿದ್ದರೆ ಆಗ ಯುಪಿವಿಸಿ ಬರಲಿ, ಮರವನ್ನು ಕಿತ್ತಲ್ಲ, ಅದರ ಒಳಗಡೆ ಎರಡನೇ ಕಿಟಕಿಯಾಗಿ. ಒಂಬತ್ತಿಂಚಿನ ಗೋಡೆಯಲ್ಲಿ ಮರದ ಚೌಕಟ್ಟು ನಾಲ್ಕು-ಐದು ಇಂಚು ತಿನ್ನುತ್ತದೆ. ಚೌಕಟ್ಟು ಹೊರಗಿನ ಕಡೆಗೆ ಸರಿದು ಕೂತಿದ್ದರೆ ಒಳಗೆ ನಾಲ್ಕಿಂಚು ಖಾಲಿ ಉಳಿದಿರುತ್ತದೆ. ಆ ಖಾಲಿಯಲ್ಲಿ, ಒಳ ಗೋಡೆಗೆ ಆದಷ್ಟು ಸಮವಾಗಿ, 6 ಮಿಲಿಮೀಟರ್ ಗಾಜಿನ ಯುಪಿವಿಸಿ ಕಿಟಕಿ ನಿಲ್ಲಿಸಬೇಕು. ಎರಡು ಗಾಜಿನ ನಡುವೆ ಈಗ 12 ಮಿಲಿಮೀಟರ್ ಬದಲು ಹತ್ತಿರ ಹತ್ತಿರ 100 ಮಿಲಿಮೀಟರ್ ಗಾಳಿ ಬಂತು. ಸ್ಪ್ರಿಂಗ್ ಸಡಿಲಾಯಿತು. ಗಾಜುಗಳು ಒಟ್ಟಿಗೆ ಕುಣಿಯುವ ಸ್ವರ ನೂರಕ್ಕಿಂತ ಕೆಳಗೆ ಇಳಿದು, ಲಾರಿ ಸದ್ದಿನ ಬಹುಪಾಲು ತಡೆಯೊಳಗೆ ಬಂತು. ಎರಡೂ ಕಿಟಕಿ ಬಿಗಿಯಾಗಿದ್ದರೆ ಒಟ್ಟು ತಡೆ 35 ಡೆಸಿಬಲ್ ದಾಟುವುದು ಕಷ್ಟವಲ್ಲ. ಹಳೆಯ 20ಕ್ಕೆ ಹೋಲಿಸಿದರೆ ಕಿವಿಗೆ ಸದ್ದು ಅರ್ಧಕ್ಕಿಂತ ಬಹಳ ಕೆಳಗೆ ಬಂತು. ಸಿಂಗಲ್ ಮನೆಗೆ ಹಾಕಬಹುದಾದ ಎಲ್ಲ ಉಪಾಯಗಳಲ್ಲಿ ಕೊಟ್ಟ ದುಡ್ಡಿಗೆ ಹೆಚ್ಚು ಸದ್ದು ಇಳಿಸುವುದು ಇದೇ ಅಂತ ನನ್ನ ಅಭಿಪ್ರಾಯ.

ಇಲ್ಲಿ ಮಾತ್ರ ಸ್ಲೈಡಿಂಗ್ ನಡೆಯುತ್ತದೆ, ಯಾಕಂದರೆ ಹೊರಗಿನ ಕದದ ಚಿಲಕಕ್ಕೆ ಸರಳಿನ ನಡುವೆ ಕೈ ಹಾಕಲು ಒಳಗಿನದ್ದನ್ನು ಸರಿಸಲೇಬೇಕು. ಕೋಣೆಯೊಳಕ್ಕೆ ತೆರೆಯಲು ಜಾಗ ಇದ್ದರೆ ಒಳಕ್ಕೆ ತೆರೆಯುವ ಕೇಸ್‌ಮೆಂಟ್ ಇನ್ನೂ ಒಳ್ಳೆಯದು. ಮಂಚ, ಮೇಜು, ಪರದೆ ಎಲ್ಲಿ ಬರುತ್ತದೆ ಅಂತ ನೋಡಿ ತೀರ್ಮಾನಿಸಿ.

## ಹೊಸದಾಗಿ ಕಟ್ಟುವವರಿಗೆ

ಹೊಸ ಮನೆಗೆ ನಾನು ಹೇಳುವುದು ಇಷ್ಟು. ರಸ್ತೆ ಕಡೆಯ ಕಿಟಕಿಗಳಿಗೆ ಮಾತ್ರ ಯುಪಿವಿಸಿ ಕೇಸ್‌ಮೆಂಟ್, ಲ್ಯಾಮಿನೇಟೆಡ್ ಗಾಜಿನ ಜೊತೆ. ಹಿಂದಿನ, ಪಕ್ಕದ ಕಿಟಕಿಗಳಿಗೆ ಮರ ಇಷ್ಟವಿದ್ದರೆ ಮರವೇ ಹಾಕಿಸಿ. ತೋಟದ್ದೇ ತೇಗ ಇದ್ದರೆ ಅದನ್ನು ಬಿಟ್ಟು ಪ್ಲಾಸ್ಟಿಕ್ ಹುಡುಕುವುದು ಯಾಕೆ? ಮನೆಯ ನಕ್ಷೆ ಇನ್ನೂ ಕಾಗದದ ಮೇಲಿದ್ದರೆ ಮಲಗುವ ಕೋಣೆಯನ್ನು ಹಿಂದಕ್ಕೆ ತಳ್ಳಿ, ರಸ್ತೆ ಕಡೆ ಮೆಟ್ಟಿಲು, ಹಾಲ್ ಬರಲಿ. ಯಾವ ಗಾಜೂ ಕೊಡದ ಲಾಭ ಅದರಲ್ಲಿದೆ.

ಒಂದು ಮಿತಿ ಮರೆಯಬಾರದು. ಇದೆಲ್ಲ ಕಿಟಕಿ ಹಾಕಿದ್ದಾಗಿನ ಮಾತು. ಏಪ್ರಿಲ್ ಸೆಖೆಯಲ್ಲಿ ಕಿಟಕಿ ತೆರೆದ ಕೂಡಲೇ ಮರವೂ ಇಲ್ಲ, ಯುಪಿವಿಸಿಯೂ ಇಲ್ಲ. ಅದೂ ಅಲ್ಲದೆ ಗಾಳಿಯಾಡದ ಕೋಣೆಯಲ್ಲಿ ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ತಲೆ ಭಾರ. ಹಾಗಾಗಿ ರಸ್ತೆ ಕಡೆ ಮುಚ್ಚುವುದಾದರೆ ಸದ್ದಿಲ್ಲದ ಕಡೆಯಿಂದ ಕೋಣೆಗೆ ಗಾಳಿ ಬರುವ ದಾರಿ ಮೊದಲೇ ಇಟ್ಟುಕೊಳ್ಳಬೇಕು.

ಗ್ರಿಲ್ ವಿಷಯವೂ ಹಾಗೇ, ಮೊದಲೇ ತೀರ್ಮಾನ ಆಗಬೇಕು. ಹೊರಕ್ಕೆ ತೆರೆಯುವ ಕೇಸ್‌ಮೆಂಟಿನ ಹಿಡಿಕೆ ಒಳಕ್ಕೆ ಚಾಚಿಕೊಂಡಿರುತ್ತದೆ. ಗ್ರಿಲ್ ತೀರಾ ಹತ್ತಿರ ಕೂರಿಸಿದರೆ ಹಿಡಿಕೆ ತಿರುಗುವುದೇ ಇಲ್ಲ. ಮೆಶ್ ಕದ ಒಳಗೆ ಬೇಕೆಂದರೆ ಅದಕ್ಕೂ ಜಾಗ ಬಿಡಬೇಕು. ವೆಲ್ಡಿಂಗ್‌ನವನು ಮತ್ತು ಕಿಟಕಿಯವನು ಬೇರೆ ಬೇರೆ ದಿನ ಬಂದು ಅಳತೆ ತಗೊಂಡು ಹೋದರೆ ಈ ಎಡವಟ್ಟು ಗ್ಯಾರಂಟಿ. ಇಬ್ಬರನ್ನೂ ಒಂದೇ ದಿನ ಕರೆಸಿ.

## ಕೂರಿಸುವ ದಿನ

ಮರದ ಚೌಕಟ್ಟನ್ನು ಗೋಡೆ ಕಟ್ಟುವಾಗಲೇ ನಿಲ್ಲಿಸುತ್ತಾರೆ, ಪ್ಲಾಸ್ಟರು ಬಂದು ಅದಕ್ಕೆ ಅಂಟಿಕೊಳ್ಳುತ್ತದೆ. ಯುಪಿವಿಸಿ ಬರುವುದು ಪ್ಲಾಸ್ಟರ್ ಆದ ಮೇಲೆ. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುತ್ತದೆ. ನಾಲ್ಕಡಿ ಚೌಕಟ್ಟು 30 ಡಿಗ್ರಿ ಏರಿಳಿತಕ್ಕೆ ಎರಡು ಮಿಲಿಮೀಟರ್ ಚಿಲ್ಲರೆ ಉದ್ದವಾಗುತ್ತದೆ. ಅದಕ್ಕೆ ಗೋಡೆಗೂ ಚೌಕಟ್ಟಿಗೂ ನಡುವೆ ಬೇಕೆಂದೇ ಐದರಿಂದ ಹತ್ತು ಮಿಲಿಮೀಟರ್ ಸಂದಿ ಬಿಡುತ್ತಾರೆ. ಆ ಸಂದಿಯನ್ನು ಪಿಯು ಫೋಮ್ ಹಾಕಿ ತುಂಬಿ, ಒಳಗೂ ಹೊರಗೂ ಸಿಲಿಕಾನ್ ಎಳೆಯಬೇಕು. ಅವಸರದಲ್ಲಿ ಆಗುವುದೇನೆಂದರೆ, ಒಳಗೆ ಏನೂ ತುಂಬದೆ ಮೇಲೆ ಮಾತ್ರ ಬಿಳಿ ಸಿಲಿಕಾನ್ ಗೆರೆ ಎಳೆದು ಹೋಗುತ್ತಾರೆ. ನೋಡಲು ಚಂದ, ಒಳಗೆ ಟೊಳ್ಳು. ಎರಡು ರಬ್ಬರು, ಒಳ್ಳೆ ಗಾಜು ಎಲ್ಲ ಇದ್ದೂ ಸದ್ದು ಚೌಕಟ್ಟಿನ ಹಿಂದಿನಿಂದ ಬರುತ್ತಿರುತ್ತದೆ. ಅದಕ್ಕೆ ಸಿಲಿಕಾನ್ ಎಳೆಯುವ ಮೊದಲು ಫೋಮ್ ಸುತ್ತಲೂ ತುಂಬಿದೆಯೇ ಅಂತ ನಿಂತು ನೋಡಿ.

ಕೊನೆಯ ಕಂತು ಕೊಡುವ ಮೊದಲು ಅರ್ಧ ಗಂಟೆ ಸಾಕು. ಫ್ರಿಜ್ಜಿಗೆ ಅಂಟಿಸುವುದಕ್ಕಿಂತ ಕೊಂಚ ಗಟ್ಟಿಯಾದ ಅಯಸ್ಕಾಂತ ಹಿಡಿದು ಚೌಕಟ್ಟಿನ ಮೇಲೂ ಕದದ ಮೇಲೂ ಓಡಾಡಿಸಿ. ಒಳಗೆ ಕಬ್ಬಿಣದ ಪಟ್ಟಿ ಇದ್ದರೆ ಎಳೆತ ಗೊತ್ತಾಗುತ್ತದೆ. ಪಟ್ಟಿ ಇಲ್ಲದ ದೊಡ್ಡ ಕದ ಬಿಸಿಲಿಗೆ ಬಾಗುತ್ತದೆ, ಬಾಗಿದರೆ ರಬ್ಬರು ಬಿಡುತ್ತದೆ. ಪೇಪರಿನ ಉದ್ದ ತುಂಡೊಂದನ್ನು ಕದಕ್ಕೂ ಚೌಕಟ್ಟಿಗೂ ನಡುವೆ ಇಟ್ಟು ಹಿಡಿಕೆ ಹಾಕಿ ಎಳೆಯಿರಿ. ಬಿಗಿಯಾಗಿ ಹಿಡಿದಿರಬೇಕು. ಸುಮ್ನೆ ಜಾರಿ ಬಂದರೆ ಆ ಜಾಗದಲ್ಲಿ ರಬ್ಬರು ತಾಗುತ್ತಿಲ್ಲ. ಮೂಲೆಗಳಲ್ಲಿ, ಹಿಂಜ್ ಇರುವ ಬದಿಯಲ್ಲಿ ಇದನ್ನು ತಪ್ಪದೆ ಮಾಡಿ, ಸೋರುವುದು ಹೆಚ್ಚಾಗಿ ಅಲ್ಲೇ. ಗಾಳಿ ಇರುವ ಸಂಜೆ ಫ್ಯಾನು ಆರಿಸಿ, ಊದುಬತ್ತಿ ಹಚ್ಚಿ ಅಂಚಿನುದ್ದಕ್ಕೂ ಹಿಡಿದರೆ ಹೊಗೆ ಎಲ್ಲಿ ಓಲಾಡುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ ತೋರಿಸಿ. ಕೇಸ್‌ಮೆಂಟಿನ ಹಿಂಜ್ ಮತ್ತು ಕೊಕ್ಕೆಗಳಲ್ಲಿ ಬಿಗಿ ಮಾಡುವ ತಿರುಪು ಸಾಮಾನ್ಯವಾಗಿ ಇದ್ದೇ ಇರುತ್ತದೆ, ಗೊತ್ತಿರುವ ಕೆಲಸಗಾರ ಅಲ್ಲೇ ನಿಂತು ಸರಿ ಮಾಡಿ ಕೊಡುತ್ತಾನೆ.